ಗೆಳೆಯರಿಗೆ ಟಿಕೆಟ್ ಮಾಡಿಕೊಟ್ಟೆ, ನನ್ನ ಐಡಿ ಬಂದ್ ಆಯ್ತು: ಈಗೇನು ಮಾಡಲಿ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಊರು ಬೆಳಗಾವಿ. ನಮ್ಮ ಪಿಜಿಯಲ್ಲಿರುವ ಹುಡುಗರಲ್ಲಿ ಹೆಚ್ಚಿನವರು ಅದೇ ಕಡೆಯವರು. ಎಲ್ಲರಿಗೂ ರೈಲು ಟಿಕೆಟ್ ನಾನೇ ನನ್ನ ಐಆರ್‌ಸಿಟಿಸಿ ಐಡಿಯಿಂದ ಮಾಡಿಕೊಡುತ್ತಿದ್ದೆ. ಟಿಕೆಟ್ ದುಡ್ಡು ಯುಪಿಐನಲ್ಲಿ ಹಾಕುತ್ತಿದ್ದರು, ಒಂದು ಪೈಸೆ ಜಾಸ್ತಿ ತಗೊಂಡಿಲ್ಲ. ದೀಪಾವಳಿ ಟಿಕೆಟ್ ಮಾಡಿದ ಮೇಲೆ ಒಂದು ದಿನ ಲಾಗಿನ್ ಆಗಲು ಹೋದರೆ ಐಡಿ ಡಿಆಕ್ಟಿವೇಟ್ ಆಗಿದೆ ಅಂತ ಬಂತು. ಸಹಾಯವಾಣಿಗೆ ಫೋನ್ ಮಾಡಿದೆ. 'ಏಜೆಂಟ್ ಥರ ಬಳಸಿದ ಅನುಮಾನ ಇದೆ, ಇಮೇಲ್ ಮಾಡಿ' ಅಂದರು. ಅಮ್ಮನ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ, ಇನ್ನೆರಡು ಟಿಕೆಟ್ ಕನ್ಫರ್ಮ್ ಆಗಿವೆ. ಅವು ನಡೆಯುತ್ತವಾ? ನನ್ನ ಮೇಲೆ ಕೇಸ್ ಆಗುತ್ತಾ? ತಂಗಿಯ ಆಧಾರ್‌ನಲ್ಲಿ ಹೊಸ ಐಡಿ ಮಾಡಿಕೊಳ್ಳಲಾ? ಸೈಬರ್ ಸೆಂಟರ್‌ನವರೊಬ್ಬರು 500 ರೂಪಾಯಿ ಕೊಟ್ಟರೆ ಆಕ್ಟಿವೇಟ್ ಮಾಡಿಸುತ್ತೇನೆ ಅನ್ನುತ್ತಿದ್ದಾರೆ. ಕೊಡಲಾ?

ಉತ್ತರ: ಮೊದಲು ಟಿಕೆಟ್ ವಿಷಯ ಮುಗಿಸೋಣ, ಯಾಕೆಂದರೆ ಅದಕ್ಕೆ ದಿನಾಂಕ ಇದೆ. ಐಡಿಗೆ ಅಷ್ಟು ಅವಸರ ಇಲ್ಲ.

ಐಆರ್‌ಸಿಟಿಸಿ ಐಡಿ ಅಂದರೆ ಅಂಗಡಿಯ ಬಾಗಿಲು ಇದ್ದ ಹಾಗೆ. ಟಿಕೆಟ್ ಇರುವುದು ಆ ಬಾಗಿಲಲ್ಲಲ್ಲ, ರೈಲ್ವೆಯ ರಿಸರ್ವೇಷನ್ ವ್ಯವಸ್ಥೆಯಲ್ಲಿ. ಒಮ್ಮೆ ಪಿಎನ್‌ಆರ್ ಹುಟ್ಟಿತು ಅಂದರೆ ನೀವು ಕೌಂಟರ್‌ನಲ್ಲಿ ತೆಗೆದಿದ್ದರೂ, ಮೊಬೈಲಿನಲ್ಲಿ ತೆಗೆದಿದ್ದರೂ ಅದು ಅದೇ ವ್ಯವಸ್ಥೆಯಲ್ಲಿ ಕೂತಿರುತ್ತದೆ. ಆದ್ದರಿಂದ ಐಡಿ ಬಂದ್ ಆದ ಮಾತ್ರಕ್ಕೆ ಕನ್ಫರ್ಮ್ ಆದ ಎರಡು ಟಿಕೆಟ್ ರದ್ದಾಗುವುದಿಲ್ಲ. ಪಿಎನ್‌ಆರ್ ಸ್ಥಿತಿಯನ್ನು ಲಾಗಿನ್ ಇಲ್ಲದೆಯೇ ನೋಡಬಹುದು, 139ಕ್ಕೆ ಫೋನ್ ಮಾಡಿದರೂ ಗೊತ್ತಾಗುತ್ತದೆ. ಅಲ್ಲಿ ಬರ್ತ್ ನಂಬರ್ ಬಂದರೆ ಆ ಹುಡುಗರು ಎಸ್‌ಎಂಎಸ್ ಮತ್ತು ಒರಿಜಿನಲ್ ಗುರುತಿನ ಚೀಟಿ ಇಟ್ಟುಕೊಂಡು ನೆಮ್ಮದಿಯಾಗಿ ಹೋಗಬಹುದು. ಅಕ್ರಮ ಮಾರಾಟ ಅಂತ ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್, ಪ್ರಕರಣ ಹಾಕಿ ಟಿಕೆಟ್‌ಗಳನ್ನು ತಡೆಹಿಡಿದರೆ ಅದು ಬೇರೆ ಮಾತು. ಅದಕ್ಕೇ ಪ್ರಯಾಣದ ಹಿಂದಿನ ದಿನ ಒಮ್ಮೆ, ಹೊರಡುವ ದಿನ ಇನ್ನೊಮ್ಮೆ ಪಿಎನ್‌ಆರ್ ನೋಡಿಕೊಳ್ಳಲು ಹೇಳಿ.

ಅಮ್ಮನ ಟಿಕೆಟ್‌ಗೂ ಗಾಬರಿ ಬೇಡ. ಆ ಟಿಕೆಟ್‌ನಲ್ಲಿ ಅವರೊಬ್ಬರೇ ಇದ್ದಾರೆ. ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಉಳಿದರೆ ಇ-ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಕ್ಲರ್ಕೇಜ್ ಅಂತ ಒಂದಿಷ್ಟು ಮುರಿದುಕೊಂಡು ಉಳಿದ ಹಣ, ಯಾವ ಖಾತೆಯಿಂದ ಹೋಗಿತ್ತೋ ಅದಕ್ಕೇ ವಾಪಸ್ ಬರುತ್ತದೆ. ಲಾಗಿನ್ ಬೇಕಾಗಿಲ್ಲ. ಆದರೆ ಆ ಟಿಕೆಟ್ ಇಟ್ಟುಕೊಂಡು ಅವರು ರೈಲು ಹತ್ತುವ ಹಾಗಿಲ್ಲ, ಇದನ್ನು ಅವರಿಗೆ ಮೊದಲೇ ಹೇಳಿಬಿಡಿ. ನೀವು ಐಆರ್‌ಸಿಟಿಸಿಯ ಇ-ವಾಲೆಟ್‌ನಿಂದ ದುಡ್ಡು ಕಟ್ಟಿದ್ದರೆ ಮಾತ್ರ ಒಂದು ತೊಡಕು ಇದೆ. ಹಣ ವಾಲೆಟ್‌ಗೇ ಹೋಗುತ್ತದೆ, ಆ ವಾಲೆಟ್ ಇರುವುದು ಬಂದ್ ಆದ ಐಡಿಯ ಒಳಗಡೆ.

ಕಷ್ಟ ಬರುವುದು ಕನ್ಫರ್ಮ್ ಆದ ಟಿಕೆಟ್ ಒಂದನ್ನು ಕ್ಯಾನ್ಸಲ್ ಮಾಡಬೇಕಾದರೆ. ಇ-ಟಿಕೆಟ್ ಅನ್ನು ಅದನ್ನು ತೆಗೆದ ಐಡಿಯಿಂದಲೇ ಕ್ಯಾನ್ಸಲ್ ಮಾಡಬೇಕು, ಹಣ ವಾಪಸ್ ಕೇಳುವ ಟಿಡಿಆರ್ ಅರ್ಜಿ ಹಾಕುವುದೂ ಅಲ್ಲಿಂದಲೇ. ಹಾಗೇನಾದರೂ ಆಗುವ ಸಾಧ್ಯತೆ ಇದ್ದರೆ ಅದಕ್ಕೇ ಪ್ರತ್ಯೇಕ ಇಮೇಲ್ ಹಾಕಿ. ಐಡಿ ತೆರೆಯಿರಿ ಅನ್ನುವ ಇಮೇಲ್‌ನಲ್ಲಿ ಇದನ್ನು ಸೇರಿಸಬೇಡಿ. ಪಿಎನ್‌ಆರ್, ಪ್ರಯಾಣದ ದಿನ, ಯಾವ ಪ್ರಯಾಣಿಕರದ್ದು ರದ್ದಾಗಬೇಕು, ಇಷ್ಟೇ ಇರಲಿ. ನೋಂದಾಯಿಸಿದ ಇಮೇಲ್‌ನಿಂದಲೇ ಹೋಗಲಿ. ಕಳಿಸಿ ಸುಮ್ನೆ ಕೂರಬೇಡಿ, 14646ಕ್ಕೆ ಫೋನ್ ಮಾಡಿ ಅದೇ ಪಿಎನ್‌ಆರ್ ಹೇಳಿ ದೂರು ಸಂಖ್ಯೆ ಬರೆದುಕೊಳ್ಳಿ. ಚಾರ್ಟ್ ಆಗುವ ಮೊದಲೇ ನೀವು ಕೇಳಿದ್ದಿರಿ ಅನ್ನುವುದಕ್ಕೆ ಆಮೇಲೆ ಅದೇ ದಾಖಲೆ.

ಬೇರೆಯವರಿಗೆ ಟಿಕೆಟ್ ಮಾಡುವುದೇ ತಪ್ಪಾ?

ಅಲ್ಲ. 2024ರ ಜೂನ್‌ನಲ್ಲಿ ಒಂದು ಸುದ್ದಿ ವಾಟ್ಸಾಪ್‌ನಲ್ಲಿ ಜೋರಾಗಿ ಹರಿದಾಡಿತು. ನಿಮ್ಮ ಐಡಿಯಿಂದ ಬೇರೆ ಸರ್‌ನೇಮ್ ಇರುವವರಿಗೆ ಟಿಕೆಟ್ ಮಾಡಿದರೆ ಜೈಲು ಅಂತ. ಆಗ ಐಆರ್‌ಸಿಟಿಸಿ ಮತ್ತು ರೈಲ್ವೆ ಎರಡೂ ಅದು ಸುಳ್ಳು ಅಂತ ಹೇಳಿದವು. ಸ್ವಂತ ಐಡಿಯಿಂದ ಮನೆಯವರಿಗೆ, ನೆಂಟರಿಗೆ, ಗೆಳೆಯರಿಗೆ ಟಿಕೆಟ್ ಮಾಡಬಹುದು. ಮಾರುವ ಹಾಗಿಲ್ಲ, ಅಷ್ಟೇ.

ಗೆರೆ ಇರುವುದು ಸರ್‌ನೇಮ್‌ನಲ್ಲಿ ಅಲ್ಲ, ವ್ಯಾಪಾರದಲ್ಲಿ. 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಅನುಮತಿ ಇಲ್ಲದೆ ಟಿಕೆಟ್ ಕೊಂಡು ಮಾರುವ ದಂಧೆಯನ್ನು ಅಪರಾಧ ಅನ್ನುತ್ತದೆ. ಮೂರು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಕೌಂಟರ್ ಟಿಕೆಟ್ ಕಾಲದ ಕಾನೂನು, ಇ-ಟಿಕೆಟ್‌ಗೆ ಅನ್ವಯಿಸುವುದಿಲ್ಲ ಅಂತ ಬಹಳ ಜನ ವಾದ ಮಾಡುತ್ತಿದ್ದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಸುಳ್ಳು ಐಡಿಗಳನ್ನು ಮಾಡಿಕೊಂಡು ಆನ್‌ಲೈನ್ ಟಿಕೆಟ್ ಮಾರುವುದೂ ಇದೇ ಸೆಕ್ಷನ್‌ಗೆ ಬರುತ್ತದೆ ಅಂತ ಹೇಳಿತು.

ನೀವು ಟಿಕೆಟ್ ದರ ಮತ್ತು ವೆಬ್‌ಸೈಟ್ ಹಾಕಿದ ಕನ್ವೀನಿಯನ್ಸ್ ಶುಲ್ಕ ಮಾತ್ರ ಇಸ್ಕೊಂಡಿದ್ದೀರಿ. ಅದು ಖರ್ಚು ಹಂಚಿಕೊಂಡದ್ದು, ವ್ಯಾಪಾರ ಅಲ್ಲ. ಒಬ್ಬೊಬ್ಬರಿಂದ 50 ರೂಪಾಯಿ ಜಾಸ್ತಿ ತಗೊಂಡಿದ್ದರೆ, ಅದನ್ನು ಸರ್ವಿಸ್ ಚಾರ್ಜ್ ಅಂದರೂ, ಕಾಫಿ ದುಡ್ಡು ಅಂದರೂ, ನನ್ನ ಉತ್ತರ ಬೇರೆ ಇರುತ್ತಿತ್ತು. ಐಡಿ ಬಂದ್ ಆಗುವುದು ಬೇರೆ, ಪೊಲೀಸ್ ಕೇಸ್ ಆಗುವುದು ಬೇರೆ. ಮೊದಲನೆಯದು ಕಂಪ್ಯೂಟರಿನ ಅನುಮಾನ, ಎರಡನೆಯದಕ್ಕೆ ಮಾರಿದ್ದಕ್ಕೆ ಸಾಕ್ಷಿ ಬೇಕು. ಟಿಕೆಟ್‌ನ ಮೊತ್ತ ಮತ್ತು ನಿಮಗೆ ಬಂದ ಯುಪಿಐ ಮೊತ್ತ ರೂಪಾಯಿಗೆ ರೂಪಾಯಿ ಹೊಂದುತ್ತವೆ ಅಂದರೆ ಅದೇ ನಿಮಗೆ ದೊಡ್ಡ ರಕ್ಷಣೆ. ಆ ಮೆಸೇಜ್‌ಗಳನ್ನು ಅಳಿಸಬೇಡಿ.

ಹಾಗಾದರೆ ನಿಮ್ಮ ಮೇಲೆ ಅನುಮಾನ ಯಾಕೆ ಬಂತು?

ನಾನು ರಿಸರ್ವೇಷನ್ ಕೌಂಟರ್‌ನಲ್ಲಿ ವರ್ಷಗಟ್ಟಲೆ ಕೂತವನು. ಬೆಳಗ್ಗೆ ಕಿಟಕಿ ತೆಗೆದಾಗ ಸಾಲಿನಲ್ಲಿ ಮೊದಲು ನಿಂತವರ ಮುಖ ನೋಡಿದರೆ ಸಾಕು, ಯಾರು ಪ್ರಯಾಣಿಕರು, ಯಾರು ದಲ್ಲಾಳಿ ಕಳಿಸಿದವರು ಅಂತ ಗೊತ್ತಾಗುತ್ತಿತ್ತು. ಒಂದೇ ಕೈಬರಹದ ನಾಲ್ಕು ಫಾರ್ಮ್, ನಾಲ್ಕೂ ಬೇರೆ ಊರಿಗೆ, ನಾಲ್ಕಕ್ಕೂ ಒಂದೇ ಫೋನ್ ನಂಬರ್. ಮುಖ ಕಾಣದ ಕಂಪ್ಯೂಟರ್ ಈಗ ಮಾಡುತ್ತಿರುವುದೂ ಅದೇ ಕೆಲಸ. ಅದು ನಿಮ್ಮ ಮನಸ್ಸು ನೋಡುವುದಿಲ್ಲ, ಬುಕಿಂಗ್‌ನ ಚಾಳಿ ನೋಡುತ್ತದೆ.

ಅದನ್ನು ಬಿಗಿ ಮಾಡಿದ್ದಕ್ಕೆ ಕಾರಣ ಇದೆ. ತತ್ಕಾಲ್ ತೆರೆದ ಮೊದಲ ಐದು ನಿಮಿಷದಲ್ಲಿ ಲಾಗಿನ್ ಆಗಲು ಬರುವವರಲ್ಲಿ ಅರ್ಧದಷ್ಟು ಮನುಷ್ಯರೇ ಅಲ್ಲ, ಬಾಟ್ ಅನ್ನುವ ಸಾಫ್ಟ್‌ವೇರ್‌ಗಳು ಅಂತ 2025ರಲ್ಲಿ ರೈಲ್ವೆಯೇ ಹೇಳಿತು. ಅದೇ ವರ್ಷ ಎರಡೂವರೆ ಕೋಟಿಗೂ ಹೆಚ್ಚು ಐಡಿಗಳನ್ನು ಅನುಮಾನದ ಮೇಲೆ ಬಂದ್ ಮಾಡಿದರು. ಹತ್ತು ನಿಮಿಷಕ್ಕೆ ಹಾಳಾಗುವ ತಾತ್ಕಾಲಿಕ ಇಮೇಲ್ ವಿಳಾಸಗಳಿಂದ ಮಾಡಿದ ಐಡಿಗಳಿಗೂ ತಡೆ ಬಿತ್ತು. ಅಷ್ಟು ದೊಡ್ಡ ಬಲೆ ಬೀಸಿದಾಗ ನಿಮ್ಮಂಥವರೂ ಸಿಕ್ಕಿಕೊಳ್ಳುತ್ತಾರೆ. ಎಷ್ಟು ಟಿಕೆಟ್ ಆದರೆ, ಎಷ್ಟು ಹೆಸರು ಆದರೆ ಅನುಮಾನ ಅಂತ ಐಆರ್‌ಸಿಟಿಸಿ ಹೊರಗೆ ಹೇಳುವುದಿಲ್ಲ. ಹೇಳಿದರೆ ದಲ್ಲಾಳಿಗಳು ಅದಕ್ಕಿಂತ ಒಂದು ಕಡಿಮೆ ಮಾಡಿಕೊಂಡು ಆರಾಮಾಗಿ ಇರುತ್ತಾರೆ.

ನಾನು ಕೇಳಿದ ಮೇಲೆ ನೀವು ಇಮೇಲ್‌ನಲ್ಲಿದ್ದ ಟಿಕೆಟ್‌ಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಿ ಕಳಿಸಿದಿರಿ. ಒಳ್ಳೆಯ ಕೆಲಸ ಮಾಡಿದಿರಿ, ಅದೇ ಪಟ್ಟಿ ಮುಂದೆಯೂ ಬೇಕಾಗುತ್ತದೆ. ಅದನ್ನು ಹೊರಗಿನವನ ಕಣ್ಣಲ್ಲಿ ಒಮ್ಮೆ ನೋಡಿ. ಆ ತಿಂಗಳು 11 ಟಿಕೆಟ್. ಅದರಲ್ಲಿ ಒಟ್ಟು 29 ಜನ, ನಿಮ್ಮ ಹೆಸರು ಇರುವುದು ಒಂದೇ ಒಂದರಲ್ಲಿ. ಎಲ್ಲಾ 11ಕ್ಕೂ ಪ್ರಯಾಣಿಕರ ಮೊಬೈಲ್ ನಂಬರ್ ನಿಮ್ಮದೇ. ನಾಲ್ಕು ಟಿಕೆಟ್ ಕ್ಯಾನ್ಸಲ್ ಆಗಿವೆ, ಅವುಗಳಲ್ಲಿ ಮೂರನ್ನು ಅದೇ ದಿನ ಅದೇ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಬೇರೆ ಹೆಸರಿನಲ್ಲಿ ಮತ್ತೆ ತೆಗೆದಿದ್ದೀರಿ. ಹುಡುಗರಿಗೆ ರಜೆ ಸಿಗಲಿಲ್ಲ, ಬದಲಿಗೆ ಇನ್ನೊಬ್ಬ ಹೊರಟ ಅನ್ನುವುದು ನಿಮಗೆ ಗೊತ್ತು. ಗಿರಾಕಿ ಕೈಕೊಟ್ಟಾಗ ದಲ್ಲಾಳಿ ಮಾಡುವುದೂ ಅಕ್ಷರಶಃ ಇದನ್ನೇ.

ನನಗೆ ಎಲ್ಲಕ್ಕಿಂತ ಹೆಚ್ಚು ಭಾರ ಅನಿಸಿದ್ದು ನೀವು ಕೊನೆಗೆ ಸಣ್ಣದಾಗಿ ಬರೆದ ಮಾತು. ನಿಮ್ಮ ಐಡಿಗೆ ಆಧಾರ್ ಜೋಡಿಸಿಲ್ಲ. ಆಧಾರ್ ಇಲ್ಲದ ಐಡಿಯಿಂದ ಬುಕಿಂಗ್ ತೆರೆದ ಕೂಡಲೇ ಟಿಕೆಟ್ ತೆಗೆಯಲು ಆಗುವುದಿಲ್ಲ, ಅದಕ್ಕೆ ಬುಕಿಂಗ್ ತೆರೆಯುವ ದಿನ ಬೆಳಗ್ಗೆ 8ಕ್ಕೆ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ರೂಮ್‌ಮೇಟ್‌ಗಳ ಐಡಿಯಿಂದ, ಅವರ ಓಟಿಪಿ ಕೇಳಿಕೊಂಡು ಟಿಕೆಟ್ ತೆಗೆದಿರಿ. ಉಳಿದದ್ದನ್ನು ಆಮೇಲೆ ನಿಮ್ಮ ಐಡಿಯಿಂದ ಮಾಡಿದಿರಿ. ಜೊತೆಗೆ ಪ್ರಯಾಣಿಕರ ಹೆಸರು, ವಯಸ್ಸು ತಾನಾಗಿ ತುಂಬುವ ಒಂದು ಬ್ರೌಸರ್ ಎಕ್ಸ್‌ಟೆನ್ಷನ್ ಬೇರೆ ಹಾಕಿಕೊಂಡಿದ್ದೀರಿ. ಒಂದೇ ಯಂತ್ರ, ಒಂದೇ ಇಂಟರ್ನೆಟ್, ಮೂರು ಐಡಿ, ಮನುಷ್ಯ ಟೈಪ್ ಮಾಡುವುದಕ್ಕಿಂತ ಬೇಗ ತುಂಬಿದ ಫಾರ್ಮ್. ದುಡ್ಡು ಒಂದು ಪೈಸೆಯೂ ಜಾಸ್ತಿ ತಗೊಳ್ಳದಿದ್ದರೂ ಇದು ಹೊರಗಿನಿಂದ ಅಂಗಡಿಯ ಹಾಗೆಯೇ ಕಾಣುತ್ತದೆ, ಅಲ್ವಾ?

'ತಿಂಗಳಿಗೆ 12 ಟಿಕೆಟ್ ಮಾಡಬಹುದಲ್ಲ, ನಾನು 11 ತಾನೇ ಮಾಡಿದ್ದು' ಅಂತ ಕೇಳಿದ್ದೀರಿ. ಆಧಾರ್ ಜೋಡಿಸದ ಐಡಿಗೆ ತಿಂಗಳಿಗೆ 12 ಟಿಕೆಟ್. ಆಧಾರ್ ಜೋಡಿಸಿದ ಐಡಿಗೆ 24, ಆದರೆ ಆ ಟಿಕೆಟ್‌ನ ಪ್ರಯಾಣಿಕರಲ್ಲಿ ಒಬ್ಬರದ್ದಾದರೂ ಆಧಾರ್ ಪರಿಶೀಲನೆ ಆಗಿರಬೇಕು. ಇದು 2022ರ ಜೂನ್‌ನಲ್ಲಿ ಬಂದ ಮಿತಿ. ಆದರೆ ಈ ಮಿತಿ ಬೇರೆ, ಅನುಮಾನ ಬೇರೆ. ಮಿತಿ ದಾಟಿದರೆ ಮುಂದಿನ ಟಿಕೆಟ್ ಆಗುವುದಿಲ್ಲ, ಅಷ್ಟೇ. ಅನುಮಾನ ಬರಲು ಮಿತಿ ದಾಟಬೇಕಾಗಿಲ್ಲ. ಎರಡೇ ಟಿಕೆಟ್ ಮಾಡಿಯೂ ಐಡಿ ಕಳೆದುಕೊಂಡವರನ್ನು ನೋಡಿದ್ದೇನೆ. ಅವರ ಪಾಸ್‌ವರ್ಡ್ ಬೇರೆ ಯಾರದೋ ಕೈಯಲ್ಲಿತ್ತು.

ಐಡಿ ವಾಪಸ್ ಪಡೆಯುವುದು

ಮೊದಲು ಪರದೆ ಮೇಲೆ ಬರುವ ಮೆಸೇಜ್ ಅನ್ನು ಪೂರ್ತಿ ಓದಿ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ತಪ್ಪು ಪಾಸ್‌ವರ್ಡ್ ಹಾಕಿ ಲಾಕ್ ಆಗಿದ್ದರೆ ಹೊಸ ಪಾಸ್‌ವರ್ಡ್ ಮಾಡಿಕೊಂಡರೆ ಮುಗಿಯಿತು. ಮೊಬೈಲ್ ಅಥವಾ ಇಮೇಲ್ ಪರಿಶೀಲನೆ ಬಾಕಿ ಇದೆ ಅಂತ ಬಂದರೆ ಓಟಿಪಿ ಹಾಕಿದರೆ ಸಾಕು. ಈ ಎರಡಕ್ಕೂ ಯಾರ ಅನುಮತಿಯೂ ಬೇಡ. ಐಡಿಯನ್ನೇ ಡಿಆಕ್ಟಿವೇಟ್ ಮಾಡಿದೆ ಅಂತ ಬಂದರೆ ಮಾತ್ರ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಉಪಯೋಗವಿಲ್ಲ. ನಿಮ್ಮದು ಈ ಮೂರನೆಯದು. ಇದನ್ನು ಅವರ ಕಡೆಯಿಂದಲೇ ತೆಗೆಯಬೇಕು.

ಇಮೇಲ್ ಹೋಗಬೇಕಾದ್ದು `care@irctc.co.in`ಗೆ. ಐಡಿ ಮಾಡುವಾಗ ಕೊಟ್ಟ ಇಮೇಲ್ ವಿಳಾಸದಿಂದಲೇ ಕಳಿಸಿ. ನಿಮ್ಮ ಹಾಗೆ ಎಷ್ಟೋ ಜನ ಕಾಲೇಜಿನಲ್ಲಿದ್ದಾಗಿನ ಇಮೇಲ್ ಕೊಟ್ಟಿರುತ್ತಾರೆ, ಈಗ ಆಫೀಸ್ ಇಮೇಲ್‌ನಿಂದ ಬರೆಯುತ್ತಾರೆ. ಬರೆದವರು ಐಡಿಯ ಮಾಲೀಕರೇ ಅಂತ ಆ ಕಡೆ ಕೂತವರಿಗೆ ಹೇಗೆ ಗೊತ್ತಾಗಬೇಕು? ಹಳೆಯ ಇಮೇಲ್‌ನ ಪಾಸ್‌ವರ್ಡ್ ಮರೆತಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ, ಒಂದು ದಿನ ತಡವಾದರೂ ಪರವಾಗಿಲ್ಲ. `equery.irctc.co.in`ನಲ್ಲೂ ಇದೇ ವಿಷಯವನ್ನು ದೂರಾಗಿ ಹಾಕಬಹುದು. ಅಲ್ಲಿ ಸಿಗುವ ಸಂಖ್ಯೆಯನ್ನು ಇಮೇಲ್‌ನಲ್ಲಿ ನಮೂದಿಸಿ.

ಏನು ಬರೆಯಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. 'ನಾನು ಏಜೆಂಟ್ ಅಲ್ಲ, ದಯವಿಟ್ಟು ಐಡಿ ಆನ್ ಮಾಡಿ' ಅಂತ ಒಂದು ಸಾಲು ಬರೆದು ಕೂರುತ್ತಾರೆ. ಏಜೆಂಟ್ ಆದವನೂ ಅದನ್ನೇ ಬರೆಯುತ್ತಾನೆ. ನೀವು ಕೊಡಬೇಕಾದ್ದು ಅವರಿಗೆ ಅನುಮಾನ ಬಂದ ಚಾಳಿಗೆ ವಿವರಣೆ. ನಿಮ್ಮ ವಿಷಯದಲ್ಲಿ ನಾನು ಹೀಗೆ ಬರೆಯುತ್ತಿದ್ದೆ:

> ನನ್ನ ಯೂಸರ್ ಐಡಿ ಇಂಥದ್ದು, ನೋಂದಾಯಿತ ಮೊಬೈಲ್ ಇಂಥದ್ದು. ಇಂಥ ದಿನಾಂಕದಿಂದ ಇದು ಡಿಆಕ್ಟಿವೇಟ್ ಆಗಿದೆ. ಕಳೆದ ತಿಂಗಳು ನಾನು 11 ಟಿಕೆಟ್ ಮಾಡಿದ್ದೇನೆ, ಪಟ್ಟಿ ಲಗತ್ತಿಸಿದ್ದೇನೆ. ಇವರೆಲ್ಲ ನನ್ನ ಮನೆಯವರು ಮತ್ತು ಒಂದೇ ವಸತಿಯಲ್ಲಿರುವ ಗೆಳೆಯರು, ಅವರ ಮನೆಯವರು. ಟಿಕೆಟ್ ದರಕ್ಕಿಂತ ಹೆಚ್ಚು ಹಣ ಯಾರಿಂದಲೂ ಪಡೆದಿಲ್ಲ. ಮೂರು ಟಿಕೆಟ್ ರದ್ದು ಮಾಡಿ ಬೇರೆ ಹೆಸರಿನಲ್ಲಿ ತೆಗೆದದ್ದು ರಜೆ ಬದಲಾದ ಕಾರಣಕ್ಕೆ. ಇಬ್ಬರು ಗೆಳೆಯರ ಐಡಿಯನ್ನು ಅವರ ಒಪ್ಪಿಗೆಯಿಂದ ನನ್ನ ಲ್ಯಾಪ್‌ಟಾಪ್‌ನಲ್ಲಿ ಬಳಸಿದ್ದೇನೆ, ಇನ್ನು ಮುಂದೆ ಹಾಗೆ ಮಾಡುವುದಿಲ್ಲ. ಐಡಿ ತೆರೆದ ಕೂಡಲೇ ಆಧಾರ್ ದೃಢೀಕರಣ ಮಾಡಿಕೊಳ್ಳುತ್ತೇನೆ.

ಇದನ್ನು ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಬರೆದು ಕಳಿಸಿ, ಬೇಗ ಓದಿಸಿಕೊಳ್ಳುತ್ತದೆ. ರೂಮ್‌ಮೇಟ್ ಐಡಿಗಳ ವಿಷಯ ಬಿಟ್ಟುಬಿಡಲಾ ಅಂತ ನಿಮಗೆ ಅನಿಸಬಹುದು. ಬಿಡಬೇಡಿ. ಒಂದೇ ಯಂತ್ರದಿಂದ ಮೂರು ಲಾಗಿನ್ ಆದದ್ದು ಅವರ ದಾಖಲೆಯಲ್ಲಿ ಸಿಗಬಹುದು. ನೀವಾಗಿಯೇ ಹೇಳಿದ್ದಕ್ಕೂ, ಅವರು ಹುಡುಕಿ ತೆಗೆದದ್ದಕ್ಕೂ ಬಹಳ ವ್ಯತ್ಯಾಸ ಇದೆ.

ಪಟ್ಟಿಯನ್ನು ಒಂದೇ ಪುಟದಲ್ಲಿ ಮಾಡಿ. ಪಿಎನ್‌ಆರ್, ಪ್ರಯಾಣದ ದಿನ, ಪ್ರಯಾಣಿಕರ ಹೆಸರು, ನಿಮಗೆ ಏನಾಗಬೇಕು, ಟಿಕೆಟ್ ಮೊತ್ತ, ನಿಮಗೆ ಬಂದ ಮೊತ್ತ. 'ಏನಾಗಬೇಕು' ಅನ್ನುವ ಜಾಗದಲ್ಲಿ ಸುಳ್ಳು ಸೇರಿಸಬೇಡಿ. ಎಲ್ಲರನ್ನೂ ಚಿಕ್ಕಪ್ಪ, ದೊಡ್ಡಮ್ಮ ಅಂತ ಬರೆದು ಕಳಿಸಿದವರ ಪಟ್ಟಿಯೊಂದನ್ನು ನೋಡಿದ್ದೆ, ಓದಿದ ಯಾರಿಗಾದರೂ ಅನುಮಾನ ಇನ್ನೂ ಜಾಸ್ತಿ ಆಗುತ್ತಿತ್ತು. ಗೆಳೆಯ ಅಂದರೆ ಗೆಳೆಯ. ಅದಕ್ಕೆ ಅವಕಾಶ ಇದೆ ಅಂತ ಆಗಲೇ ಹೇಳಿದೆನಲ್ಲ.

ಗುರುತಿಗೆ ಆಧಾರ್ ಪ್ರತಿ ಕೇಳಿದರೆ ಮಾಸ್ಕ್ ಮಾಡಿದ ಪ್ರತಿ ಕಳಿಸಿ. ಆಧಾರ್ ವೆಬ್‌ಸೈಟ್‌ನಿಂದ ಅದನ್ನು ಇಳಿಸಿಕೊಳ್ಳಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಬೇರೆ ಪ್ರಯಾಣಿಕರ ಆಧಾರ್ ಪ್ರತಿಗಳನ್ನು ನೀವಾಗಿಯೇ ಕಳಿಸಬೇಡಿ. ಪಾಸ್‌ವರ್ಡ್, ಓಟಿಪಿ, ಕಾರ್ಡ್ ನಂಬರ್ ಇವನ್ನು ಯಾರು ಕೇಳಿದರೂ ಕೊಡಬೇಡಿ. ಐಡಿ ತೆರೆಯಲು ಇವು ಯಾವುವೂ ಬೇಕಾಗಿಲ್ಲ.

ಒಂದು ಇಮೇಲ್‌ಗೆ ಉತ್ತರ ಬರಲಿಲ್ಲ ಅಂತ ದಿನಕ್ಕೆ ನಾಲ್ಕು ಇಮೇಲ್ ಹಾಕುವುದು ಬೇಡ, ಪ್ರತಿಯೊಂದೂ ಹೊಸ ದೂರಾಗಿ ಬೇರೆ ಬೇರೆಯವರ ಮುಂದೆ ಹೋಗುತ್ತದೆ. ವಾರ ಬಿಟ್ಟು ಅದೇ ಇಮೇಲ್‌ಗೆ ರಿಪ್ಲೈ ಮಾಡಿ, ದೂರು ಸಂಖ್ಯೆ ಹಾಕಿ. ಎರಡು ಮೂರು ಸಲ ಹೀಗೆ ಮಾಡಿಯೂ ಸರಿಯಾದ ಉತ್ತರ ಬರಲಿಲ್ಲ ಅಂದರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ `pgportal.gov.in`ನಲ್ಲಿ ರೈಲ್ವೆ ಇಲಾಖೆಯ ಅಡಿಯಲ್ಲಿ ದೂರು ಹಾಕಿ. ಆರ್‌ಟಿಐ ಇನ್ನೊಂದು ದಾರಿ. ಐಆರ್‌ಸಿಟಿಸಿ ಸರ್ಕಾರಿ ಸಂಸ್ಥೆ, ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲಿ 'ನನ್ನ ಐಡಿ ತೆರೆಯಿರಿ' ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ. ಯಾವ ದಿನಾಂಕದಂದು, ಯಾವ ನಿಯಮದ ಅಡಿಯಲ್ಲಿ, ಯಾವ ಕಾರಣಕ್ಕೆ ಬಂದ್ ಮಾಡಿದ್ದೀರಿ, ನನ್ನ ಇಂಥ ಸಂಖ್ಯೆಯ ದೂರಿನ ಮೇಲೆ ಏನು ಕ್ರಮ ಆಗಿದೆ ಅಂತ ಕೇಳಿ.

ಐಡಿ ತೆರೆದ ದಿನ ಮೊದಲು ಪಾಸ್‌ವರ್ಡ್ ಬದಲಿಸಿ, ಆ ಎಕ್ಸ್‌ಟೆನ್ಷನ್ ತೆಗೆದುಹಾಕಿ. ಆಮೇಲೆ `MY ACCOUNT` ಒಳಗೆ `Authenticate User` ಒತ್ತಿ ಆಧಾರ್ ನಂಬರ್ ಅಥವಾ ವರ್ಚುವಲ್ ಐಡಿ ಹಾಕಿ. ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ, ಐಆರ್‌ಸಿಟಿಸಿಗೆ ಕೊಟ್ಟ ಮೊಬೈಲ್‌ಗೆ ಅಲ್ಲ. ಇಲ್ಲಿ ನಮ್ಮ ಕಡೆಯವರಿಗೆ ಒಂದು ತೊಂದರೆ ಪದೇ ಪದೇ ಬರುತ್ತದೆ. ಆಧಾರ್‌ನಲ್ಲಿ 'ಬಸವರಾಜ ಶಿವಪ್ಪ ಪಾಟೀಲ' ಅಂತ ಇರುತ್ತದೆ, ಐಆರ್‌ಸಿಟಿಸಿಯಲ್ಲಿ 'ಬಸವರಾಜ್ ಎಸ್' ಅಂತ ಹಾಕಿರುತ್ತಾರೆ. ಹೆಸರು, ಹುಟ್ಟಿದ ದಿನ, ಲಿಂಗ ಮೂರೂ ಹೊಂದಬೇಕು. ಇನಿಷಿಯಲ್ ಮುಂದಿದೆಯಾ ಹಿಂದಿದೆಯಾ, ಕೊನೆಗೆ ಒಂದು ಎ ಅಕ್ಷರ ಜಾಸ್ತಿ ಇದೆಯಾ ಅಂತ ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ, ಐಆರ್‌ಸಿಟಿಸಿಯ ಪ್ರೊಫೈಲ್‌ನಲ್ಲಿ ಹಾಗೆಯೇ ತಿದ್ದಿಕೊಳ್ಳಿ. ಒಂದು ಆಧಾರ್‌ಗೆ ಒಂದೇ ಐಡಿ. ಹಿಂದೆ ಯಾವಾಗಲೋ ಮಾಡಿ ಮರೆತ ಇನ್ನೊಂದು ಐಡಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಇಲ್ಲಿ ತಗೊಳ್ಳುವುದಿಲ್ಲ.

ಹೊಸ ಐಡಿ, ಸೈಬರ್ ಸೆಂಟರ್

ತಂಗಿಯ ಆಧಾರ್‌ನಲ್ಲಿ ಐಡಿ ಮಾಡಿ ನೀವು ಬಳಸುವುದು ಬೇಡವೇ ಬೇಡ. ಅದೇ ಲ್ಯಾಪ್‌ಟಾಪ್, ಅದೇ ಪಿಜಿಯ ವೈಫೈ, ಅದೇ ಹುಡುಗರ ಹೆಸರು. ಮೂರು ಐಡಿ ಇದ್ದದ್ದು ನಾಲ್ಕಾಗುತ್ತದೆ. ಅದೂ ಬಂದ್ ಆದರೆ ತಂಗಿಯ ಆಧಾರ್ ಆ ಐಡಿಯ ಜೊತೆ ಸಿಕ್ಕಿಕೊಳ್ಳುತ್ತದೆ. ನಾಳೆ ಅವರಿಗೆ ತತ್ಕಾಲ್ ಬೇಕಾದರೆ ಏನು ಮಾಡುತ್ತಾರೆ? 2025ರ ಜುಲೈನಿಂದ ಆಧಾರ್ ದೃಢೀಕರಣ ಇಲ್ಲದ ಐಡಿಯಲ್ಲಿ ತತ್ಕಾಲ್ ಆಗುವುದಿಲ್ಲ. ಮೇಲಾಗಿ, 'ಗೆಳೆಯರಿಗೆ ಮಾಡಿಕೊಟ್ಟೆ' ಅನ್ನುವ ನಿಮ್ಮ ಮಾತು ಇಂದು ಗಟ್ಟಿಯಾಗಿದೆ. ಇನ್ನೊಬ್ಬರ ಹೆಸರಲ್ಲಿ ಐಡಿ ತೆರೆದು ಮುಂದುವರಿಸಿದ ಮೇಲೆ ಅದು ಅಷ್ಟು ಗಟ್ಟಿ ಇರುವುದಿಲ್ಲ. ತಂಗಿಯೇ ತಮ್ಮ ಫೋನ್‌ನಲ್ಲಿ ತಮ್ಮ ಐಡಿ ಮಾಡಿಕೊಂಡು ಅಮ್ಮನಿಗೆ ಟಿಕೆಟ್ ತೆಗೆದರೆ ಅದರಲ್ಲಿ ಯಾವ ತಪ್ಪೂ ಇಲ್ಲ.

500 ರೂಪಾಯಿ ಕೇಳಿದವರಿಗೆ ಐಆರ್‌ಸಿಟಿಸಿ ಒಳಗೆ ಯಾವ ಬಾಗಿಲೂ ಇಲ್ಲ. ಅವರು ನಿಮ್ಮ ಇಮೇಲ್‌ನಿಂದ ನೀವು ಬರೆಯಬಹುದಾದ ಪತ್ರವನ್ನೇ ಬರೆಯುತ್ತಾರೆ. ಅದಕ್ಕೆ ನಿಮ್ಮ ಇಮೇಲ್ ಪಾಸ್‌ವರ್ಡ್, ಆಧಾರ್, ಓಟಿಪಿ ಕೇಳುತ್ತಾರೆ. ಐಡಿ ತೆರೆದ ಮೇಲೆ ಅದು ಅವರ ಕೈಯಲ್ಲೂ ಇರುತ್ತದೆ, ಅವರ ಗಿರಾಕಿಗಳ ಟಿಕೆಟ್ ನಿಮ್ಮ ಹೆಸರಿನಲ್ಲಿ ಹೋಗುತ್ತದೆ. ನನ್ನ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರಿಗೆ ಹೀಗೇ ಆಯಿತು. ತಾವು ವರ್ಷಕ್ಕೆ ಎರಡು ಸಲ ತಿರುಪತಿಗೆ ಹೋಗುವವರು. ಅವರ ಐಡಿಯಲ್ಲಿ ಗೊತ್ತೇ ಇಲ್ಲದ ಊರುಗಳಿಗೆ, ಗೊತ್ತೇ ಇಲ್ಲದ ಹೆಸರಿನ ಟಿಕೆಟ್‌ಗಳಿದ್ದವು. ಅವರು ವಿವರಣೆ ಕೊಡಬೇಕಾಗಿ ಬಂದಾಗ ಕೈ ನಡುಗುತ್ತಿತ್ತು. ಅಂಥ ಸಂದರ್ಭದಲ್ಲಿ ಪತ್ರದಲ್ಲಿ ಆ ಟಿಕೆಟ್‌ಗಳು ನನ್ನದಲ್ಲ ಅಂತ ಪಿಎನ್‌ಆರ್ ಸಮೇತ ಬರೆಯಬೇಕು, ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೆ ಅನ್ನುವುದನ್ನೂ ಹೇಳಬೇಕು.

ಇನ್ನೊಂದು ಮೋಸವೂ ಇದೆ. ಇಂಟರ್ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ಹತ್ತು ಅಂಕಿಯ ಮೊಬೈಲ್ ನಂಬರ್‌ಗಳು ಬರುತ್ತವೆ. ಅದಕ್ಕೆ ಫೋನ್ ಮಾಡಿದರೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ, ಪರಿಶೀಲನೆಗೆ ಅಂತ ಒಂದು ರೂಪಾಯಿ ಕಳಿಸಲು ಹೇಳುತ್ತಾರೆ, ಖಾತೆ ಖಾಲಿ ಮಾಡುತ್ತಾರೆ. ಹಾಗೇನಾದರೂ ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಅಲ್ಲಿಯವರೆಗೆ

ಕೌಂಟರ್ ಇದ್ದೇ ಇದೆ. ಬೆಳಗ್ಗೆ ಸಾಲು ದೊಡ್ಡದಿದ್ದರೂ ಮಧ್ಯಾಹ್ನದ ಹೊತ್ತು ಹೋದರೆ ಸಾಮಾನ್ಯವಾಗಿ ಬೇಗ ಆಗುತ್ತದೆ. ಅಧಿಕೃತ ಏಜೆಂಟರ ಹತ್ತಿರ ಹೋದರೆ ನಾನ್-ಎಸಿ ಟಿಕೆಟ್‌ಗೆ 20, ಎಸಿಗೆ 40 ರೂಪಾಯಿ ಅವರ ಶುಲ್ಕ. ಅವರು ಕೊಡುವ ಟಿಕೆಟ್‌ನಲ್ಲಿ ಏಜೆಂಟರ ಹೆಸರು ಅಚ್ಚಾಗಿರುತ್ತದೆ. ಅದಿಲ್ಲದೆ ಯಾರದೋ ಸ್ವಂತ ಐಡಿಯ ಟಿಕೆಟ್ ಕೊಟ್ಟರೆ ತಗೊಳ್ಳಬೇಡಿ, ಅದು ಮಧ್ಯದಲ್ಲೇ ಬ್ಲಾಕ್ ಆಗುವ ಜಾತಿಯ ಟಿಕೆಟ್. ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಅವರಿಗೂ ಬುಕಿಂಗ್ ಇಲ್ಲ. ಎಸಿಗೆ ಹತ್ತೂವರೆವರೆಗೆ, ನಾನ್-ಎಸಿಗೆ ಹನ್ನೊಂದೂವರೆವರೆಗೆ.

ಪಿಜಿಯ ಹುಡುಗರಿಗೆ ಹೇಳಿ, ಪ್ರತಿಯೊಬ್ಬರೂ ತಮ್ಮ ಫೋನ್‌ನಲ್ಲಿ ತಮ್ಮ ಐಡಿ ಮಾಡಿಕೊಂಡು ಆಧಾರ್ ದೃಢೀಕರಣ ಮಾಡಿಕೊಳ್ಳಲಿ. ನೀವು ಪಕ್ಕದಲ್ಲಿ ಕೂತು ಒಂದು ಸಲ ತೋರಿಸಿಕೊಡಿ, ಹತ್ತು ನಿಮಿಷದ ಕೆಲಸ. ಅಪರೂಪಕ್ಕೆ ಒಬ್ಬಿಬ್ಬರಿಗೆ ನೀವು ಮಾಡಿಕೊಟ್ಟರೆ ಪ್ರಯಾಣಿಕರ ಮೊಬೈಲ್ ನಂಬರ್ ಇರುವಲ್ಲಿ ಅವರದ್ದೇ ಹಾಕಿ. ರೈಲು ತಡವಾದರೆ, ಬರ್ತ್ ಬದಲಾದರೆ ಮೆಸೇಜ್ ಅವರಿಗೇ ಹೋಗುವುದು ಒಳ್ಳೆಯದಲ್ಲವೇ? ಅವರ ಐಡಿಯನ್ನು ನಿಮ್ಮ ಯಂತ್ರದಲ್ಲಿ ತೆರೆಯಬೇಡಿ.

ಈಗ ನೀವು ಮೊದಲು ಮಾಡಬೇಕಾದ್ದು ಆ ಇಬ್ಬರು ರೂಮ್‌ಮೇಟ್‌ಗಳನ್ನು ಕೇಳುವುದು. ಅವರ ಐಡಿ ಇನ್ನೂ ತೆರೆಯುತ್ತಿದೆಯಾ ನೋಡಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಅವರ ಫೋನ್‌ನಲ್ಲಿ. ತೆರೆಯುತ್ತಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿಕೊಳ್ಳಲಿ. ಅವೂ ಬಂದ್ ಆಗಿದ್ದರೆ ಮೂವರೂ ಬೇರೆ ಬೇರೆಯಾಗಿ, ತಮ್ಮ ತಮ್ಮ ಇಮೇಲ್‌ನಿಂದ ಬರೆಯಬೇಕು. ಮೂವರ ಪತ್ರದಲ್ಲೂ ಬೆಳಗ್ಗೆ 8ರ ಬುಕಿಂಗ್ ವಿಷಯ ಒಂದೇ ರೀತಿ ಇರಬೇಕು. ಆಗಿದ್ದನ್ನು ಆಗಿದ್ದ ಹಾಗೆ ಬರೆದರೆ ಅದು ತಾನಾಗಿಯೇ ಒಂದೇ ರೀತಿ ಇರುತ್ತದೆ.